ಬಡ್ಡಿ ವ್ಯಾಪ್ತಿ ಅನುಪಾತದ ಅಂಶ ಮತ್ತು ಛೇದ: ಹೈದರಾಬಾದಿನ ಸತ್ಯಂ ಪ್ರಕರಣದ ಮರುಓದು

ಸಾರಾಂಶ

ಕಂಪನಿಯ ಲಾಭ ಅದರ ಬಡ್ಡಿಯ ಎಷ್ಟು ಪಟ್ಟು ಇದೆ ಎಂಬುದನ್ನು ಬಡ್ಡಿ ವ್ಯಾಪ್ತಿ ಅನುಪಾತ ಹೇಳುತ್ತದೆ. ಅನುಪಾತದ ಅಂಶದಲ್ಲಿರುವ ಲಾಭವನ್ನೂ ಛೇದದಲ್ಲಿರುವ ಬಡ್ಡಿಯನ್ನೂ ಸಾಲಗಾರ ಕಂಪನಿಯೇ ಬರೆದುಕೊಟ್ಟಿರುತ್ತದೆ. ಆದ್ದರಿಂದ ಸಾಲ ಕೊಡುವವರು ಎರಡನ್ನೂ ಬೇರೆ ಬೇರೆಯಾಗಿ ಹೊರಗಿನ ಪುರಾವೆಯೊಂದಿಗೆ ತಾಳೆ ನೋಡಬೇಕು ಎಂಬುದು ಈ ಲೇಖನದ ವಾದ. 2009ರಲ್ಲಿ ಬಯಲಾದ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಪ್ರಕರಣದ ಅಂಕಿಗಳನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಲಾಗಿದೆ.

1. ಅನುಪಾತ ಹೇಳುವುದೇನು?

ಬ್ಯಾಂಕಿನವರು ಇಂಟರೆಸ್ಟ್ ಕವರೇಜ್ ಎಂದು ಕರೆಯುವ ಈ ಲೆಕ್ಕ ಸರಳವಾದದ್ದು. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭವನ್ನು ಅದೇ ಅವಧಿಯ ಬಡ್ಡಿ ವೆಚ್ಚದಿಂದ ಭಾಗಿಸಬೇಕು. ಸವಕಳಿಯನ್ನೂ ಕಳೆಯದ ಲಾಭವನ್ನು ತೆಗೆದುಕೊಳ್ಳುವ ರೂಢಿಯೂ ಉಂಟು. ಆಗ ಅನುಪಾತ ತುಸು ಹಿಗ್ಗಿ ಕಾಣುತ್ತದೆ.

ಸಾಲ ಕೊಡುವವರಿಗೆ ಇದರ ಉಪಯೋಗವಿರುವುದು ಲಾಭ ಎಷ್ಟು ಕುಸಿದರೆ ಬಡ್ಡಿಗೆ ಕುತ್ತು ಬರುತ್ತದೆ ಎಂದು ಅಳೆಯುವುದರಲ್ಲಿ. ಅನುಪಾತ 3 ಇದ್ದರೆ ಲಾಭ ಮೂರರಲ್ಲಿ ಎರಡು ಪಾಲು ಬಿದ್ದರೂ ಬಡ್ಡಿ ಹುಟ್ಟುತ್ತದೆ. 1.5 ಇದ್ದರೆ ಮೂರರಲ್ಲಿ ಒಂದು ಪಾಲು ಬಿದ್ದರೆ ಸಾಕು, ಉಳಿಯುವುದು ಬಡ್ಡಿಗಷ್ಟೇ. ಒಂದಕ್ಕಿಂತ ಕೆಳಗಿಳಿದ ಕಂಪನಿ ಕೈಯಲ್ಲಿರುವ ಹಣ ಕರಗಿಸಿಯೋ ಹೊಸ ಸಾಲ ಎತ್ತಿಯೋ ಹಳೆಯ ಬಡ್ಡಿ ಕಟ್ಟುತ್ತಿರುತ್ತದೆ. ಹೀಗಾಗಿ ಲಾಭ ವರ್ಷದಿಂದ ವರ್ಷಕ್ಕೆ ಹೆಚ್ಚು ಏರಿಳಿಯುವ ಉದ್ಯಮದಿಂದ ದೊಡ್ಡ ಅನುಪಾತವನ್ನು ಕೇಳಬೇಕಾಗುತ್ತದೆ.

2. ಸತ್ಯಂ ಪತ್ರದ ಅಂಕಿಗಳು

2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದರು. 2008ರ ಸೆಪ್ಟೆಂಬರ್ ಅಂತ್ಯದ ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರು ಒಪ್ಪಿಕೊಂಡರು. ಬರಬೇಕಾದ ಬಡ್ಡಿ ಎಂದು ತೋರಿಸಿದ್ದ 376 ಕೋಟಿಯೂ ಸುಳ್ಳಾಗಿತ್ತು. ತಾವು ಹೊಂದಿಸಿ ತಂದ 1,230 ಕೋಟಿಯ ಹೊಣೆ ಲೆಕ್ಕಕ್ಕೆ ಬಂದಿರಲಿಲ್ಲ ಎಂದೂ ಬರೆದಿದ್ದರು. ಆ ತ್ರೈಮಾಸಿಕದಲ್ಲಿ 2,700 ಕೋಟಿ ವರಮಾನದ ಮೇಲೆ 649 ಕೋಟಿ ಕಾರ್ಯಾಚರಣೆ ಲಾಭ ತೋರಿಸಲಾಗಿತ್ತು. ಪತ್ರದ ಪ್ರಕಾರ ನಿಜವಾದ ವರಮಾನ 2,112 ಕೋಟಿ, ಲಾಭ 61 ಕೋಟಿ.

ಸತ್ಯಂ ದೊಡ್ಡ ಸಾಲಗಾರ ಕಂಪನಿಯೆಂದು ಹೆಸರಾದದ್ದಲ್ಲ. ಪುಸ್ತಕದಲ್ಲಿ ನಗದು ತುಂಬಿ ತುಳುಕುತ್ತಿದ್ದುದರಿಂದ ಅದರ ಬಡ್ಡಿ ವ್ಯಾಪ್ತಿಯ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಆದ್ದರಿಂದಲೇ ಈ ಪ್ರಕರಣ ನಮ್ಮ ವಾದಕ್ಕೆ ಸೂಕ್ತ. 1,230 ಕೋಟಿಗೆ ವರ್ಷಕ್ಕೆ ಶೇ. 12ರ ಬಡ್ಡಿ ಎಂದು ಊಹಿಸೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ದರವೇ ಹೊರತು ದಾಖಲೆಯ ದರವಲ್ಲ. ವರ್ಷದ ಬಡ್ಡಿ 147.6 ಕೋಟಿ, ತ್ರೈಮಾಸಿಕಕ್ಕೆ 36.9 ಕೋಟಿ ಆಗುತ್ತದೆ. ಈ ಬಡ್ಡಿಯನ್ನು ಸೇರಿಸಿದರೂ ತೋರಿಕೆಯ 649 ಕೋಟಿ ಲಾಭ ಅದರ 17 ಪಟ್ಟಿಗಿಂತ ಹೆಚ್ಚಿದೆ. ಅಂದರೆ ಗುಪ್ತ ಹೊಣೆ ಒಂದೇ ಬಯಲಾಗಿದ್ದರೆ ಯಾವ ಬ್ಯಾಂಕೂ ಗಾಬರಿಯಾಗುತ್ತಿರಲಿಲ್ಲ. ಅದೇ ಬಡ್ಡಿಯ ಎದುರು ನಿಜವಾದ 61 ಕೋಟಿಯನ್ನು ಇಟ್ಟರೆ ಅನುಪಾತ 1.65ಕ್ಕೆ ಇಳಿಯುತ್ತದೆ. ಲಾಭ ಇನ್ನು ಶೇ. 40ರಷ್ಟು ಬಿದ್ದರೆ ಬಡ್ಡಿಗೂ ಸಾಲದು. ಅಂಶದಲ್ಲಿನ ಸುಳ್ಳು ಛೇದದಲ್ಲಿನ ಸುಳ್ಳನ್ನು ಮುಚ್ಚಬಲ್ಲದು ಎಂಬುದು ಇಲ್ಲಿ ಕಾಣುವ ಮುಖ್ಯ ಸಂಗತಿ.

3. ತಾಳೆ ನೋಡುವ ಬಗೆ

ಅಂಶವನ್ನು ಪರೀಕ್ಷಿಸಲು ಮೊದಲು ಬಡ್ಡಿ ಆದಾಯವನ್ನು ಬದಿಗಿಡಬೇಕು. ಸಾಲ ತೀರಬೇಕಾದದ್ದು ಕಸುಬಿನ ಲಾಭದಿಂದ, ಠೇವಣಿಯ ಬಡ್ಡಿಯಿಂದಲ್ಲ. ಬಳಿಕ ಬದಿಗಿಟ್ಟ ಬಡ್ಡಿಯನ್ನು ಠೇವಣಿಯ ಮೊತ್ತದೊಂದಿಗೆ ಹೋಲಿಸಬೇಕು. ಸತ್ಯಂ ತೋರಿಸಿದ್ದ 376 ಕೋಟಿ ಬಾಕಿ ಬಡ್ಡಿ 5,361 ಕೋಟಿಯ ಶೇ. 7ರಷ್ಟಾಗುತ್ತದೆ. ಹೆಚ್ಚುಕಡಿಮೆ ಒಂದು ವರ್ಷದ ಬಡ್ಡಿಯಷ್ಟು ಹಣ ಕೈಗೆ ಬಾರದೆ ಬಾಕಿಯಾಗಿಯೇ ನಿಂತಿತ್ತು. ಬಡ್ಡಿಯನ್ನು ಅವಧಿಯ ಕೊನೆಗೆ ಕೊಡುವ ಠೇವಣಿಗಳಲ್ಲಿ ಹೀಗಾಗುವುದುಂಟು, ಆದ್ದರಿಂದ ಇದೊಂದೇ ವಂಚನೆಗೆ ಸಾಕ್ಷಿಯಾಗದು. ಆದರೆ ಠೇವಣಿ ನಿಜವೇ ಎಂದು ಬ್ಯಾಂಕನ್ನೇ ನೇರವಾಗಿ ಕೇಳಲು ಇಷ್ಟು ಕಾರಣ ಸಾಕು. ನೇರವಾಗಿ ಎಂಬ ಮಾತಿಗೆ ಇಲ್ಲಿ ತೂಕವಿದೆ. ನಗದು ದೃಢೀಕರಣದ ಪ್ರಕ್ರಿಯೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳದ ಲೋಪಕ್ಕಾಗಿ ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 2011ರ ಏಪ್ರಿಲ್‌ನಲ್ಲಿ ಸತ್ಯಂನ ಲೆಕ್ಕ ಪರಿಶೋಧಕ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತು.

ಛೇದದ ಪರೀಕ್ಷೆಗೆ ವರ್ಷದ ಬಡ್ಡಿ ವೆಚ್ಚವನ್ನು ಸರಾಸರಿ ಸಾಲದಿಂದ ಭಾಗಿಸಬೇಕು. ಬಂದ ದರ ಮಾರುಕಟ್ಟೆಯ ದರಕ್ಕಿಂತ ಬಹಳ ಕಡಿಮೆಯಿದ್ದರೆ ಬಡ್ಡಿಯ ಒಂದು ಭಾಗ ಬೇರೆಲ್ಲೋ ದಾಖಲಾಗಿರಬಹುದು. ಬಹಳ ಹೆಚ್ಚಿದ್ದರೆ ವರ್ಷದ ನಡುವೆ ಸಾಲ ಏರಿ, ಮಾರ್ಚ್ 31ರ ಹೊತ್ತಿಗೆ ಇಳಿದಿರಬಹುದು. ಸತ್ಯಂನಂತೆ ಅಸಲೂ ಬಡ್ಡಿಯೂ ಪುಸ್ತಕದ ಹೊರಗಿದ್ದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು. ಭದ್ರತೆಯಿಲ್ಲದೆ ಬೇರೆ ಕಂಪನಿಗಳಿಂದ ಪಡೆದ ಹಣ ಕಂಪನಿಗಳ ರಿಜಿಸ್ಟ್ರಾರ್ ಬಳಿಯ ಅಡಮಾನದ ದಾಖಲೆಯಲ್ಲಿಯೂ ಇರುವುದಿಲ್ಲ. ಆಗ ಉಳಿಯುವ ದಾರಿ ಕಂಪನಿಯ ಚಾಲ್ತಿ ಖಾತೆ. ಖಾತೆಗೆ ಬಂದ ಪ್ರತಿಯೊಂದು ದೊಡ್ಡ ಮೊತ್ತವೂ ಗ್ರಾಹಕರಿಂದಲೇ ಬಂತೇ ಎಂದು ಬಿಲ್ಲುಗಳೊಂದಿಗೆ ಹೊಂದಿಸಿ ನೋಡಬೇಕು.

4. ವಂಚನೆಯಿಲ್ಲದೆಯೂ ತಪ್ಪುವ ಲೆಕ್ಕ

ನಿಯಮ ಪಾಲಿಸಿದ ಲೆಕ್ಕದಲ್ಲಿಯೂ ಛೇದ ಚಿಕ್ಕದಾಗಿ ಕಾಣಬಹುದು. ಇಂಡ್ ಎಎಸ್ 23ರ ಪ್ರಕಾರ ಸ್ಥಾವರ ಕಟ್ಟುವ ಕಾಲದ ಬಡ್ಡಿ ಲಾಭ-ನಷ್ಟದ ತಖ್ತೆಗೆ ಬರದೆ ಸ್ಥಾವರದ ಬೆಲೆಗೆ ಸೇರುತ್ತದೆ. ಒಂದು ವಿದ್ಯುತ್ ಕಂಪನಿಯ ಲಾಭ 120 ಕೋಟಿ, ಒಟ್ಟು ಬಡ್ಡಿ 100 ಕೋಟಿ, ಅದರಲ್ಲಿ 60 ಕೋಟಿ ಸ್ಥಾವರದ ಲೆಕ್ಕಕ್ಕೆ ಹೋಯಿತು ಎನ್ನೋಣ. ತಖ್ತೆಯಲ್ಲಿ ಉಳಿದ 40 ಕೋಟಿಯ ಮೇಲೆ ಅನುಪಾತ 3. ನಿಜವಾಗಿ ಕಟ್ಟಬೇಕಾದ ಬಡ್ಡಿಯ ಮೇಲೆ 1.2 ಮಾತ್ರ. ಸ್ಥಾವರ ಶುರುವಾದ ದಿನದಿಂದ ಕರೆಂಟ್ ಮಾರಾಟವಾಗಲಿ ಬಿಡಲಿ, ಪೂರ್ತಿ ಬಡ್ಡಿ ತಖ್ತೆಗೆ ಇಳಿಯುತ್ತದೆ. ಹೈದರಾಬಾದ್ ಪ್ರದೇಶದಲ್ಲೇ ನೆಲೆಯಿದ್ದ, ಸಾಲ ತಂದು ವಿದ್ಯುತ್ ಸ್ಥಾವರ ಕಟ್ಟಿದ ಲ್ಯಾಂಕೊ ಇನ್ಫ್ರಾಟೆಕ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, 2018ರಲ್ಲಿ ಸಮಾಪನೆಯ ಆದೇಶ ಪಡೆಯಿತು. ಅದರ ಪತನಕ್ಕೆ ಕಾರಣಗಳು ಹಲವು. ಆದರೆ ಇಂಥ ಕಂಪನಿಗೆ ಸಾಲ ಕೊಡುವವರು ಸ್ಥಾವರಕ್ಕೆ ಸೇರಿಸಿದ ಬಡ್ಡಿಯನ್ನು ಲೆಕ್ಕದ ಟಿಪ್ಪಣಿಗಳಿಂದ ಹೆಕ್ಕಿ, ಛೇದಕ್ಕೆ ಮರಳಿ ಕೂಡಿಸಲೇಬೇಕು.

ಇನ್ನೊಂದು ಮಿತಿ ಅಸಲಿನದು. ಬಡ್ಡಿಯ ಮೂರು ಪಟ್ಟು ಗಳಿಸುವ ಕಂಪನಿಯೂ ಅಸಲಿನ ದೊಡ್ಡ ಕಂತು ಬಂದ ವರ್ಷ ಸೋಲಬಹುದು, ಏಕೆಂದರೆ ಛೇದದಲ್ಲಿ ಕಂತಿಗೆ ಜಾಗವಿಲ್ಲ. ಕೋವಿಡ್ ಕಾಲದ ಸಾಲ ಪುನರ್ರಚನೆಗಾಗಿ ಮಂಗಳೂರು ಮೂಲದ ಕೆ.ವಿ. ಕಾಮತ್ ಅವರ ಸಮಿತಿ ಸೂಚಿಸಿ, ರಿಸರ್ವ್ ಬ್ಯಾಂಕ್ 2020ರ ಸೆಪ್ಟೆಂಬರ್ 7ರಂದು ಹೊರಡಿಸಿದ ಐದು ಮಾನದಂಡಗಳಲ್ಲಿ ಬಡ್ಡಿ ವ್ಯಾಪ್ತಿ ಇಲ್ಲ. ಬಡ್ಡಿಯನ್ನೂ ಅಸಲಿನ ಕಂತನ್ನೂ ಕೂಡಿಸಿ ನೋಡುವ ಸಾಲ ಸೇವಾ ಅನುಪಾತ ಅಲ್ಲಿದೆ. ಪ್ರತ್ಯೇಕ ಮಿತಿ ಗೊತ್ತುಪಡಿಸದ ವಲಯಗಳಿಗೆ ಅದು ವರ್ಷಕ್ಕೆ ಕನಿಷ್ಠ 1.0, ಸಾಲದ ಅವಧಿಯ ಸರಾಸರಿ ಕನಿಷ್ಠ 1.2 ಇರಬೇಕಿತ್ತು.

5. ನಿಷ್ಕರ್ಷ

ಬಡ್ಡಿ ವ್ಯಾಪ್ತಿ ಅನುಪಾತವನ್ನು ಸಾಲ ಮಂಜೂರಾತಿಯ ಟಿಪ್ಪಣಿಯಲ್ಲಿ ಒಂದೇ ಅಂಕಿಯಾಗಿ ಬರೆಯುವುದು ಸಾಲದು. ಕಂಪನಿ ತೋರಿಸಿದ ಅನುಪಾತದ ಪಕ್ಕದಲ್ಲಿ ಬಡ್ಡಿ ಆದಾಯ ಕಳೆದು, ಸ್ಥಾವರಕ್ಕೆ ಸೇರಿಸಿದ ಬಡ್ಡಿಯನ್ನು ಕೂಡಿಸಿ ಬಂದ ಅನುಪಾತವನ್ನೂ ಬರೆಯಬೇಕು. ಎರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ಕಂಪನಿಯ ಸಾಲದ ಹೊರೆ ಅದರ ತಖ್ತೆಯಲ್ಲಿ ಕಾಣುವುದಕ್ಕಿಂತ ಭಾರವಾಗಿದೆ ಎಂದು ತಿಳಿಯಬಹುದು. ಅಂತರ ಚಿಕ್ಕದಿದ್ದರೂ ಠೇವಣಿ ಮತ್ತು ಖಾತೆಯ ಪುರಾವೆ ನೇರವಾಗಿ ಬ್ಯಾಂಕಿನಿಂದ ಬಂದಿರದಿದ್ದರೆ ಆ ಅಂಕಿ ಕಂಪನಿಯ ಹೇಳಿಕೆಯಷ್ಟೇ. ಅದನ್ನು ನಂಬಿ ಸಾಲದ ಮಿತಿ ನಿಗದಿ ಮಾಡಬಾರದು.