ಏಳು ಸ್ವರಗಳ ಒಂದು ಬೀಜ

ಜರ್ಮನಿಯ ಕ್ಯೋಥೆನ್ ಎಂಬ ಚಿಕ್ಕ ಸಂಸ್ಥಾನದಲ್ಲಿ ಆಸ್ಥಾನ ಸಂಗೀತದ ಅಧ್ಯಕ್ಷನಾಗಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖನು 1720ನೆಯ ಇಸವಿಯ ಜನವರಿ 22ರಂದು ತನ್ನ ಹಿರಿಯ ಮಗನಿಗಾಗಿ ಒಂದು ಪಾಠದ ಪುಸ್ತಕವನ್ನು ತೆರೆದನು. ಮಗನ ಹೆಸರು ವಿಲ್‌ಹೆಲ್ಮ್ ಫ್ರೀಡೆಮಾನ್, ವಯಸ್ಸು ಒಂಬತ್ತು. ಪುಸ್ತಕದ ಮೊದಲ ಹಾಳೆಗಳಲ್ಲಿ ಸ್ವರಲಿಪಿಯ ಗುರುತುಗಳು, ಗಮಕಗಳಂಥ ಅಲಂಕರಣಗಳ ಪಟ್ಟಿ, ಯಾವ ಸ್ವರಕ್ಕೆ ಯಾವ ಬೆರಳು ಎಂಬ ಪಾಠ, ಇಂಥವಿವೆ. ಮುಂದೆ ಹೋದಂತೆ ಬಲಗೈಗೊಂದು ಧ್ವನಿ, ಎಡಗೈಗೊಂದು ಧ್ವನಿ ಎಂಬಂತೆ ರಚಿಸಿದ ಹದಿನೈದು ಚಿಕ್ಕ ಕೃತಿಗಳು ಬರುತ್ತವೆ. ಅವಕ್ಕೆ ಅಲ್ಲಿ ಬಾಖನು ಕೊಟ್ಟ ಹೆಸರು ‘ಪ್ರೇಆಂಬುಲುಮ್’, ಎಂದರೆ ಪೀಠಿಕೆ.

ಮೂರು ವರ್ಷಗಳ ತರುವಾಯ, 1723ರಲ್ಲಿ, ಆತನು ಈ ಹದಿನೈದನ್ನೂ ತಿದ್ದಿ, ಶ್ರುತಿಗಳ ಏರಿಕೆಯ ಕ್ರಮದಲ್ಲಿ ಜೋಡಿಸಿ, ಶುದ್ಧ ಪ್ರತಿಯೊಂದನ್ನು ಬರೆದನು. ಆಗ ಹೆಸರು ಬದಲಾಯಿತು. ಪೀಠಿಕೆ ಹೋಗಿ ‘ಇನ್ವೆನ್ಷಿಯೊ’ ಬಂದಿತು. ಈ ಹೆಸರು ಸಂಗೀತದ ಮನೆಯದಲ್ಲ. ಲ್ಯಾಟಿನ್ ಭಾಷಣಶಾಸ್ತ್ರದಿಂದ ಎರವಲಾಗಿ ಬಂದದ್ದು. ಭಾಷಣವನ್ನು ಸಿದ್ಧಪಡಿಸುವವನು ಮೊದಲು ಹೇಳತಕ್ಕ ವಸ್ತುವನ್ನು ಕಂಡುಕೊಳ್ಳಬೇಕು, ಬಳಿಕ ಅದನ್ನು ಕ್ರಮಪಡಿಸಬೇಕು, ಆಮೇಲೆ ಅದಕ್ಕೆ ಮಾತಿನ ಅಲಂಕಾರ ತೊಡಿಸಬೇಕು ಎಂಬುದು ಸಿಸೆರೊ ಮೊದಲಾದವರಿಂದ ಬಂದ ಪಾಠ. ಆ ಮೊದಲನೆಯ ಕೆಲಸಕ್ಕೆ ‘ಇನ್ವೆನ್ಷಿಯೊ’ ಎಂದು ಹೆಸರು. ಬಾಖನು ತನ್ನ ಪ್ರತಿಯ ಮುಖಪುಟದಲ್ಲಿ ಈ ಕೃತಿಗಳ ಉದ್ದೇಶವನ್ನು ವಿವರಿಸಿರುವನು. ಎರಡು ಧ್ವನಿಗಳನ್ನು ಸ್ವಚ್ಛವಾಗಿ ನುಡಿಸುವುದು, ಹಾಡಿದಂತೆ ನುಡಿಸುವುದು ಇವುಗಳ ಜೊತೆಗೆ, ಒಳ್ಳೆಯ ವಸ್ತುವನ್ನು ಪಡೆಯುವುದನ್ನೂ ಪಡೆದುದನ್ನು ಚೆನ್ನಾಗಿ ಬೆಳೆಸುವುದನ್ನೂ ಕಲಿಯುವವರು ಇಲ್ಲಿ ಅರಿಯಬೇಕೆಂಬುದು ಅದರ ತಾತ್ಪರ್ಯ. ಬೆರಳಿನ ಪಾಠವು ಹೀಗೆ ರಚನೆಯ ಪಾಠವೂ ಆಯಿತು.

ಒಂದು ಚಿಕ್ಕ ಸ್ವರಸಮೂಹವನ್ನು ಬೆಳೆಸುವುದೆಂದರೆ ಏನು? ಮೊದಲನೆಯ ಇನ್ವೆನ್ಷನ್ನನ್ನೇ ತೆಗೆದುಕೊಂಡು ಪರೀಕ್ಷಿಸೋಣ. ಅದು ಇಪ್ಪತ್ತೆರಡು ತಾಳಖಂಡಗಳ ಕೃತಿ. ನುಡಿಸಲು ಸುಮಾರು ಒಂದೂವರೆ ನಿಮಿಷ ಸಾಕು. ಪಾಶ್ಚಾತ್ಯ ಸ್ವರಲಿಪಿಯ ಪರಿಚಯವಿಲ್ಲದವರಿಗೂ ತಿಳಿಯುವಂತೆ ನಾವು ಅದನ್ನು ನಮ್ಮ ಸ್ವರಗಳಲ್ಲಿಯೇ ಹೇಳುವೆವು. ಅದರ ಮೇಳವು ನಮ್ಮ ಶಂಕರಾಭರಣದ ಸ್ವರಸ್ಥಾನಗಳನ್ನೇ ಉಳ್ಳುದು. ಬೀಜವೆಂದು ಕರೆಯಬಹುದಾದ ಸ್ವರಸಮೂಹ ಇದು: ಸ ರಿ ಗ ಮ ರಿ ಗ ಸ. ಒಟ್ಟು ಏಳು ಸ್ವರಗಳು. ಮೂರು ಮೆಟ್ಟಿಲು ಒಂದೊಂದಾಗಿ ಏರಿಕೆ, ನಡುವಿನ ಒಂದು ಸ್ವರವನ್ನು ಬಿಟ್ಟು ಕೆಳಕ್ಕೊಂದು ಹಾರಿಕೆ, ಮತ್ತೆ ಒಂದು ಮೆಟ್ಟಿಲು ಏರಿಕೆ, ಮತ್ತೊಂದು ಹಾರಿಕೆ. ಸರಳೆ ವರಸೆಯನ್ನು ಕಲಿತ ಬಾಲಕನೂ ಇದನ್ನು ಹಾಡಬಲ್ಲನು.

ಈ ಬೀಜದಲ್ಲಿ ಮೊದಲು ಗಮನಿಸತಕ್ಕದ್ದು ಸ್ವರವನ್ನಲ್ಲ, ಮೌನವನ್ನು. ತಾಳದ ಮೊದಲ ಪೆಟ್ಟು ಬೀಳುವಾಗ ಕೈ ಸುಮ್ಮನಿರುತ್ತದೆ. ಒಂದು ಸ್ವರದಷ್ಟು ಕಾಲ ಕಳೆದ ಮೇಲೆ ‘ಸ’ ಹೊರಡುತ್ತದೆ. ನಮ್ಮವರು ಅನಾಗತವೆನ್ನುವ ಎಡುಪಿಗೆ ಇದು ಸಮೀಪವಾದುದು. ಮುಂದೆ ಒಂದು ಮಾತು ಮುಗಿಯುವ ಸ್ವರವು ಈ ಖಾಲಿ ಜಾಗದಲ್ಲಿ ಬಂದು ಕುಳಿತು, ಅದರ ಬೆನ್ನಿಗೇ ಬೀಜವು ಪುನಃ ಹೊರಡಬಹುದು. ಪೆಟ್ಟಿನ ಮೇಲೆಯೇ ಬೀಜವು ಆರಂಭವಾಗಿದ್ದರೆ ಪ್ರತಿ ಸಲವೂ ನಿಂತು ನಿಂತು ಹೊರಡಬೇಕಾಗುತ್ತಿತ್ತು. ಕೃತಿಯು ತುಂಡು ತುಂಡಾಗುತ್ತಿತ್ತು.

ಇನ್ನು ಮೊದಲನೆಯ ಉಪಾಯ, ಪುನರುಕ್ತಿ. ಬಲಗೈ ‘ಸ ರಿ ಗ ಮ ರಿ ಗ ಸ’ ಎಂದು ನುಡಿಸಿ, ಪಂಚಮಕ್ಕೆ ನೆಗೆದು, ನಿಧಾನವಾದ ಸ್ವರಗಳಲ್ಲಿ ಮೇಲಿನ ಷಡ್ಜವನ್ನು ಸೇರುತ್ತದೆ. ಅದು ನಿಧಾನವಾದ ಹೊತ್ತಿನಲ್ಲಿಯೇ ಎಡಗೈ ಕೆಳಗಿನ ಸ್ಥಾಯಿಯಲ್ಲಿ ಅದೇ ಏಳು ಸ್ವರಗಳನ್ನು ನುಡಿಯುತ್ತದೆ. ಎರಡನೆಯ ತಾಳಖಂಡದಲ್ಲಿ ಬಲಗೈ ಅದೇ ಆಕಾರವನ್ನು ಪಂಚಮದಿಂದ ಹೇಳುತ್ತದೆ: ಪ ಧ ನಿ ಸ ಧ ನಿ ಪ. ಎಡಗೈ ಅದನ್ನೂ ಅನುಸರಿಸುತ್ತದೆ. ಎರಡು ತಾಳಖಂಡಗಳೊಳಗೆ ಒಂದೇ ಮಾತು ನಾಲ್ಕು ಸಲ ಬಂದಿತು. ಆದರೂ ಕಿವಿಗೆ ಬೇಸರವಿಲ್ಲ. ಏಕೆಂದರೆ ಪ್ರತಿಯೊಂದು ಸಲವೂ ಧ್ವನಿಯೋ ಸ್ಥಾಯಿಯೋ ಆಧಾರಸ್ವರವೋ ಯಾವುದಾದರೊಂದು ಬದಲಾಗಿದೆ; ಆಕಾರವೊಂದು ಮಾತ್ರ ಸ್ಥಿರವಾಗಿದೆ. ಇಷ್ಟು ಹೊತ್ತಿಗೆ ಶ್ರೋತೃವಿಗೆ ಆ ಆಕಾರವು ಬಾಯಿಪಾಠವಾಗಿರುತ್ತದೆ. ಬಾಖನಿಗೆ ಬೇಕಾದದ್ದು ಅದೇ. ಪರಿಚಿತವಾದ ಮುಖವನ್ನಲ್ಲವೆ ವೇಷ ಮರೆಸಿ ತೋರಿಸಲು ಸಾಧ್ಯ?

ಮೂರನೆಯ ತಾಳಖಂಡದಲ್ಲಿ ವೇಷ ಬದಲಾಗುತ್ತದೆ. ಇದು ಎರಡನೆಯ ಉಪಾಯ, ವಿಪರ್ಯಯ. ಇದನ್ನು ಹಿಂದುಮುಂದಾಗಿ ಓದುವುದೆಂದು ತಿಳಿಯಬಾರದು. ಪುಷ್ಕರಿಣಿಯ ನೀರಿನಲ್ಲಿ ಗೋಪುರವು ತಲೆಕೆಳಗಾಗಿ ಕಾಣುವಂತೆ, ಏರಿದುದೆಲ್ಲ ಇಳಿಯುತ್ತದೆ, ಇಳಿದುದೆಲ್ಲ ಏರುತ್ತದೆ. ಕ್ರಮ ಮಾತ್ರ ಹಾಗೆಯೇ ಉಳಿಯುತ್ತದೆ. ಬಾಖನು ಧೈವತದಿಂದ ಹೊರಟು ಬರೆದಿರುವುದು: ಧ ಪ ಮ ಗ ಪ ಮ ಧ. ಮೂರು ಮೆಟ್ಟಿಲು ಇಳಿಕೆ, ಮೇಲಕ್ಕೊಂದು ಹಾರಿಕೆ, ಒಂದು ಮೆಟ್ಟಿಲು ಇಳಿಕೆ, ಮತ್ತೊಂದು ಹಾರಿಕೆ.

ಧೈವತದಿಂದಲೇ ಏಕೆ ಹೊರಟನು ಎಂದು ಕೇಳುವುದು ಅಪ್ರಸ್ತುತವಲ್ಲ. ಶಂಕರಾಭರಣದ ಮೆಟ್ಟಿಲುಗಳೆಲ್ಲ ಸಮನಾದುವಲ್ಲ. ಸ–ರಿ, ರಿ–ಗ ಇವು ದೊಡ್ಡ ಮೆಟ್ಟಿಲುಗಳು. ಗ–ಮ ಅರ್ಧದಷ್ಟು ಚಿಕ್ಕದು. ಬೀಜವು ದೊಡ್ಡದು, ದೊಡ್ಡದು, ಚಿಕ್ಕದು ಎಂದು ಏರುತ್ತದೆ. ಧೈವತದಿಂದ ಇಳಿದರೆ ಧ–ಪ ದೊಡ್ಡದು, ಪ–ಮ ದೊಡ್ಡದು, ಮ–ಗ ಚಿಕ್ಕದು. ಪ್ರತಿಬಿಂಬವು ಕೂದಲೆಳೆಯಷ್ಟೂ ತಪ್ಪದೆ ಒದಗಿತು. ಮಧ್ಯಮದಿಂದ ಇಳಿದಿದ್ದರೆ ಚಿಕ್ಕ ಮೆಟ್ಟಿಲೇ ಮೊದಲು ಬರುತ್ತಿತ್ತು. ಆಕಾರ ಉಳಿದರೂ ಅಳತೆ ಕೆಡುತ್ತಿತ್ತು. ಮೊದಲ ಸಲ ತಲೆಕೆಳಗಾದ ಬೀಜವನ್ನು ಶ್ರೋತೃವು ಕೂಡಲೇ ಗುರುತಿಸಬೇಕಾದ ಸ್ಥಳದಲ್ಲಿ ಅಳತೆ ಪೂರ್ಣವಾಗಿ ಕೂಡಿಬಂದಿದೆ.

ಈಗ ಮೂರನೆಯ ಉಪಾಯ. ಒಂದೇ ಆಕಾರವನ್ನು ಸಮಾನ ಅಂತರಗಳಲ್ಲಿ ಮೇಲಕ್ಕೋ ಕೆಳಕ್ಕೋ ಸಾಗಿಸುವ ಇದನ್ನು ಸೋಪಾನವೆನ್ನೋಣ. ನಮಗೆ ಇದು ಹೊಸದಲ್ಲ. ‘ಸರಿಗಮ, ರಿಗಮಪ, ಗಮಪಧ’ ಎಂದು ಸಾಧಕನು ಬೆಳಗಿನ ಜಾವ ಹಾಡುವ ವರಸೆಯು ಸೋಪಾನವೇ. ಬಾಖನು ತಲೆಕೆಳಗಾದ ಬೀಜವನ್ನು ನಾಲ್ಕು ಸಲ ಇಳಿಸುತ್ತಾನೆ: ಧ ಪ ಮ ಗ ಪ ಮ ಧ, ಮ ಗ ರಿ ಸ ಗ ರಿ ಮ, ರಿ ಸ ನಿ ಧ ಸ ನಿ ರಿ, ನಿ ಧ ಪ ಮ ಧ ಪ ನಿ. ಧ, ಮ, ರಿ, ನಿ ಎಂದು ಒಂದೊಂದು ಸ್ವರವನ್ನು ಬಿಟ್ಟು ಕೆಳಗಿಳಿಯುವ ಆರಂಭಗಳು. ಪ್ರತಿಯೊಂದರ ಮುಂದೆಯೂ, ಆ ಹಳೆಯ ಮೌನದ ಜಾಗದಲ್ಲಿ, ಗ, ಪ, ಗ, ಸ ಎಂದು ಒಂದೊಂದು ಸ್ವರ ಕುಳಿತಿದೆ. ಆದುದರಿಂದ ಎರಡು ತಾಳಖಂಡಗಳ ಉದ್ದಕ್ಕೂ ಎಲ್ಲಿಯೂ ಎಳೆ ಕಡಿಯುವುದಿಲ್ಲ. ಏಳು ಸ್ವರಗಳ ಮಾತು ಮೂವತ್ತೆರಡು ಸ್ವರಗಳ ಒಂದು ಉದ್ದವಾದ ರಾಗಧಾರೆಯಾಯಿತು.

ಸೋಪಾನದಲ್ಲಿ ಅಪಾಯವೂ ಉಂಟು. ಎರಡು ಮೆಟ್ಟಿಲುಗಳನ್ನು ಕೇಳಿದವನು ಮೂರನೆಯದನ್ನು ಊಹಿಸಬಲ್ಲನು; ಅದು ಊಹೆಯಂತೆಯೇ ಬಂದು ನಾಲ್ಕನೆಯದೂ ಹಾಗೆಯೇ ಬಂದರೆ ಕೇಳುವುದನ್ನೇ ಬಿಡುವನು. ಯಾಂತ್ರಿಕವಾಗಿ ಒಂದೊಂದು ಮೆಟ್ಟಿಲು ಏರಿಸುವ ರಚನೆಯನ್ನು ಜರ್ಮನರು ‘ಷೂಸ್ಟರ್‌ಫ್ಲೆಕ್’ ಎಂದು ಹಾಸ್ಯಮಾಡಿದರು; ಪಾದರಕ್ಷೆ ಹೊಲಿಯುವವನು ಹಾಕಿದ ತೇಪೆ ಎಂದು ಅದರ ಅರ್ಥ. ಬಾಖನ ನಾಲ್ಕು ಮೆಟ್ಟಿಲು ತೇಪೆಯಾಗದಿರಲು ಎರಡು ಕಾರಣಗಳಿವೆ. ಒಂದು, ಬಲಗೈ ಇಳಿಯುತ್ತಿರುವಾಗ ಎಡಗೈ ಸುಮ್ಮನಿಲ್ಲ. ಅದು ಬೀಜದ ಮೊದಲ ನಾಲ್ಕು ಸ್ವರಗಳ ಏರಿಕೆಯನ್ನು ಮಾತ್ರ ತೆಗೆದುಕೊಂಡು, ಇಮ್ಮಡಿ ನಿಧಾನದಲ್ಲಿ ‘ನಿ ಸ ರಿ ಗ’, ‘ಪ ಧ ನಿ ಸ’ ಎಂದು ನುಡಿಸುತ್ತದೆ. ತ್ರಿಕಾಲದ ಪಲ್ಲವಿಯನ್ನು ಕೇಳಿ ಬಲ್ಲವರು ಈ ನಿಧಾನವನ್ನು ಸುಲಭವಾಗಿ ಗುರುತಿಸುವರು. ಮೇಲೆ ಬೀಜವು ತಲೆಕೆಳಗಾಗಿ ಓಡುತ್ತಿದೆ, ಕೆಳಗೆ ಅದೇ ಬೀಜದ ಅರ್ಧವು ನೆಟ್ಟಗೆ ನಡೆಯುತ್ತಿದೆ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ನಾಲ್ಕನೆಯ ಮೆಟ್ಟಿಲಿನ ‘ನಿ ಧ ಪ ಮ’ ಎಂಬಲ್ಲಿ ಬರುವ ಮಧ್ಯಮವು ಶುದ್ಧಮಧ್ಯಮವಲ್ಲ, ಪ್ರತಿಮಧ್ಯಮ. ಅದುವರೆಗೆ ಬಲಗೈ ನುಡಿಸದ ಸ್ವರ ಅದು. ಊಹಿಸಿದ ಮೆಟ್ಟಿಲೇ ಬಂದಿತು, ಆದರೆ ಅದರ ಮೇಲೆ ಕಾಲಿಟ್ಟೊಡನೆ ಮನೆಯೇ ಬೇರೆಯಾಗಿತ್ತು. ನಮ್ಮ ಗಾಯಕನಿಗೆ ಇದು ಶಂಕರಾಭರಣದಿಂದ ಕಲ್ಯಾಣಿಗೆ ಜಾರಿದಂತೆ ತೋರೀತು. ತಂಬೂರಿಯ ಷಡ್ಜವು ನಮ್ಮಲ್ಲಿ ಅಲುಗಾಡುವುದಿಲ್ಲವಷ್ಟೆ. ಬಾಖನಲ್ಲಿ ಅಲುಗಾಡುವುದು ಆ ಷಡ್ಜವೇ. ಪ್ರತಿಮಧ್ಯಮದ ಬಲದಿಂದ ಪಂಚಮವು ಹೊಸ ಷಡ್ಜವಾಗಿ ನಿಂತು, ಅದರ ಮೇಲೆ ಮತ್ತೊಂದು ಶಂಕರಾಭರಣವು ಏಳುತ್ತದೆ. ಏಳನೆಯ ತಾಳಖಂಡದ ಆರಂಭದಲ್ಲಿ ಕೃತಿಯ ಮೊದಲ ಭಾಗವು ಆ ಹೊಸ ನೆಲೆಯಲ್ಲಿಯೇ ವಿಶ್ರಮಿಸುತ್ತದೆ. ನಮ್ಮ ವರಸೆಯೂ ಈ ಸೋಪಾನವೂ ಆಕಾರದಲ್ಲಿ ಒಂದೇ ಆದರೂ ಪ್ರಯೋಜನದಲ್ಲಿ ಬೇರೆ. ನಮ್ಮದು ಒಂದೇ ಷಡ್ಜದ ಸುತ್ತ ಕಂಠವನ್ನು ಪಳಗಿಸುತ್ತದೆ. ಬಾಖನದು ಷಡ್ಜವನ್ನೇ ಬೇರೆಡೆಗೆ ಸಾಗಿಸುವ ವಾಹನ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಎರಡನೆಯ ಭಾಗದಲ್ಲಿ ಕೈಗಳ ಪಾತ್ರ ಅದಲುಬದಲಾಗಿ, ಎಡಗೈ ಮುಂದಾಳಾಗುತ್ತದೆ, ಬಲಗೈ ಅನುಸರಿಸುತ್ತದೆ. ಅದು ಧೈವತವನ್ನು ಆಧಾರವಾಗಿ ಮಾಡಿಕೊಂಡ, ತುಸು ಮಂಕಾದ ನೆಲೆಯಲ್ಲಿ ಮುಗಿಯುತ್ತದೆ. ಮೂರನೆಯ ಭಾಗದಲ್ಲಿ ಒಂದು ಕೈ ದೀರ್ಘವಾದ ಸ್ವರವನ್ನು ಹಿಡಿದು ನಿಂತಿರುವಾಗ ಇನ್ನೊಂದು ಕೈ ಬೀಜವನ್ನು ಒಮ್ಮೆ ತಲೆಕೆಳಗಾಗಿ, ಒಮ್ಮೆ ನೆಟ್ಟಗೆ ನುಡಿದು, ಕೃತಿಯನ್ನು ಮೊದಲಿನ ಷಡ್ಜಕ್ಕೆ ತಂದು ಮುಟ್ಟಿಸುತ್ತದೆ. ಹೊಸ ವಸ್ತುವೆಂಬುದು ಕೊನೆಯವರೆಗೂ ಬರುವುದಿಲ್ಲ.

ಇದೆಲ್ಲವೂ ಲೆಕ್ಕಾಚಾರವಲ್ಲದೆ ಸ್ಫೂರ್ತಿಯೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಹೊಸ ಹೆಸರಿನ ಸಾರಸ್ಯವಿರುವುದು ಇಲ್ಲಿಯೇ ಎಂದು ನಾವು ಭಾವಿಸುವೆವು. ‘ಸ ರಿ ಗ ಮ ರಿ ಗ ಸ’ ಎಂಬುದರಲ್ಲಿ ಅಪೂರ್ವವಾದ ಸೌಂದರ್ಯವೇನೂ ಇಲ್ಲ. ಅದು ತಿರುವಿದರೆ ತಿರುಗುವುದೆ, ಇಳಿಸಿದರೆ ಇಳಿಯುವುದೆ, ಅದರ ಅರ್ಧವನ್ನು ನಿಧಾನಗೊಳಿಸಿ ಪೂರ್ಣದ ಕೆಳಗೆ ಇಟ್ಟರೆ ಕೂಡುವುದೆ ಎಂದು ಒಂದೊಂದಾಗಿ ಪರೀಕ್ಷಿಸಿ ನೋಡಿದವನಿಗೆ ಮಾತ್ರ ಅದು ವಸ್ತುವಾಗಿ ದೊರಕುತ್ತದೆ. ಅಂಥ ಪರೀಕ್ಷೆಯಲ್ಲಿ ನಿಲ್ಲದ ಸ್ವರಸಮೂಹವು ಎಷ್ಟು ಇಂಪಾಗಿದ್ದರೂ ಒಂದು ಸಲ ಹಾಡಿ ಬಿಡಬೇಕಾದದ್ದು. 1802ರಲ್ಲಿ ಬಾಖನ ಚರಿತ್ರೆಯನ್ನು ಬರೆದ ಫೋರ್ಕೆಲನು ಇನ್ವೆನ್ಷನ್ನನ್ನು ವಿವರಿಸಿದುದೂ ಹೀಗೆಯೇ: ಇಡೀ ಕೃತಿಯು ತನ್ನೊಳಗಿಂದಲೇ ಬಿಚ್ಚಿಕೊಳ್ಳುವಂತೆ ರೂಪಿಸಿದ ವಸ್ತು.

1723ರಲ್ಲಿಯೇ ಬಾಖನು ಲೈಪ್ಸಿಗ್ ನಗರಕ್ಕೆ ಹೋಗಿ ನೆಲೆಸಿದನು. ಈ ಕೃತಿಗಳು ಆತನ ಜೀವಮಾನದಲ್ಲಿ ಅಚ್ಚಾಗಲಿಲ್ಲ. ಶಿಷ್ಯರು ಕೈಯಿಂದ ಪ್ರತಿಮಾಡಿಕೊಂಡು ಕಲಿತರು. 1724ರಲ್ಲಿ ಅಲ್ಲಿಗೆ ಓದಲು ಬಂದ ಗೆರ್ಬರನೆಂಬ ಶಿಷ್ಯನಿಗೂ ಮೊದಲ ಪಾಠವಾಗಿ ದೊರೆತದ್ದು ಇನ್ವೆನ್ಷನ್ನುಗಳೇ ಎಂದು ಆತನ ಮಗನು ಬರೆದಿಟ್ಟಿರುವನು. ದೊಡ್ಡ ಕೃತಿಗಳು ಆ ಬಳಿಕ ಬಂದುವು. ಅವನ್ನು ನುಡಿಸುವ ಮುನ್ನ ಏಳು ಸ್ವರಗಳನ್ನು ಇಪ್ಪತ್ತೆರಡು ತಾಳಖಂಡಗಳಾಗಿ ಬೆಳೆಸಿದ ಬಗೆಯು ಶಿಷ್ಯನ ಬೆರಳಿಗೆ ತಿಳಿದಿರುತ್ತಿತ್ತು.