ದೇವರಾಜ ಮಾರುಕಟ್ಟೆಯ ಬೀದಿಗಳು ಮತ್ತು ತಂಬಾಕಿನ ಹೊಗೆ

ಮೈಸೂರಿನ ದೇವರಾಜ ಮಾರುಕಟ್ಟೆ ಒಡೆಯರ ಕಾಲದ ಸಂತೆಯ ಜಾಗದಲ್ಲಿ ಬೆಳೆದು, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಈಗ ಕಾಣುವ ಕಟ್ಟಡದ ರೂಪ ಪಡೆಯಿತು. ಅದರ ದಕ್ಷಿಣಕ್ಕೆ ವೈಸ್‌ರಾಯ್ ಡಫರಿನ್ನನ ಭೇಟಿಯ ನೆನಪಿಗೆ ನಿಲ್ಲಿಸಿದ, ಜನ ಚಿಕ್ಕ ಗಡಿಯಾರವೆಂದು ಕರೆಯುವ ಗೋಪುರವಿದೆ. ಪೂರ್ವಕ್ಕೆ ದಸರೆಯ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯೂ ಉತ್ತರಕ್ಕೆ ಧನ್ವಂತರಿ ರಸ್ತೆಯೂ ಇವೆ. ಧನ್ವಂತರಿ ರಸ್ತೆಯ ಕಡೆಯ ದ್ವಾರದ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಕಟ್ಟಡವನ್ನು ಉಳಿಸಬೇಕೇ ಕೆಡವಬೇಕೇ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಆ ವಾದದಲ್ಲಿ ಗೋಡೆ, ಕಮಾನುಗಳಿಗೆ ಸಿಕ್ಕ ಗಮನ, ಅವುಗಳ ಸುತ್ತ ದಿನವಿಡೀ ಕೂತು ದುಡಿಯುವವರ ಉಸಿರಿಗೆ ಸಿಕ್ಕಿಲ್ಲ.

ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುವ ಹೂವಾಡಗಿತ್ತಿಯರು, ವೀಳ್ಯದೆಲೆಯ ಕಟ್ಟುಗಳನ್ನು ನೀರು ಚಿಮುಕಿಸಿ ಜೋಡಿಸುವವರು, ರಸಬಾಳೆಯ ಚಿಪ್ಪು ಹಿಡಿದು ಕೂಗುವವರು ಬೆಳಗಿನಿಂದ ರಾತ್ರಿಯವರೆಗೆ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಕೊಳ್ಳಲು ಬಂದವರು ಹೊಗೆ ಕಂಡರೆ ಎರಡು ಹೆಜ್ಜೆ ಸರಿದು ಹೋಗಬಹುದು, ಮಾರುವವರಿಗೆ ಆ ಅನುಕೂಲವಿಲ್ಲ. ಬಯಲಿನಲ್ಲಿ ಹೊಗೆ ಗಾಳಿಗೆ ಚದುರಿಹೋಗುತ್ತದೆಂಬ ಮಾತು ಅರ್ಧ ಮಾತ್ರ ಸತ್ಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸಿಗರೇಟು ಉರಿಯುತ್ತಿರುವಾಗ ಅದರಿಂದ ಅರ್ಧ ಮೀಟರಿನಷ್ಟು ಹತ್ತಿರದಲ್ಲಿ, ಗಾಳಿ ಬೀಸುವ ದಿಕ್ಕಿನಲ್ಲಿ ಕೂತವರ ಉಸಿರಿಗೆ ಒಳಾಂಗಣದಷ್ಟೇ ಹೊಗೆ ಸೇರಬಲ್ಲದು. ಎರಡು ಮೀಟರು ದಾಟಿದರೆ ಅದು ಬಹಳ ಇಳಿಯುತ್ತದೆ, ಸಿಗರೇಟು ಆರಿದೊಡನೆ ಬೇಗ ಕರಗುತ್ತದೆ. ಆದ್ದರಿಂದ ಅಗಲವಾದ ಮೈದಾನಕ್ಕೂ ಈ ಬೀದಿಗಳಿಗೂ ಒಂದೇ ನ್ಯಾಯ ಸಲ್ಲದು. ಕೂತವರ ಮೂಗಿನ ಮಟ್ಟಕ್ಕೇ ನಿಂತವರ ಕೈ ಇಳಿಯುವ, ಭುಜಕ್ಕೆ ಭುಜ ತಾಗುವ ಈ ಇಕ್ಕಟ್ಟಿನಲ್ಲಿ ಎರಡು ಮೀಟರಿನ ಅಂತರ ಎಲ್ಲಿಯೂ ದೊರೆಯುವುದಿಲ್ಲ.

ಕಾನೂನಿನ ನೆಲೆ ಹೀಗಿದೆ. 2003ರ ಕೇಂದ್ರ ಕಾಯ್ದೆಯು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆಯಾದರೂ ಬಯಲು ಜಾಗವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ ಮತ್ತು ಜನ ಬಂದುಹೋಗುವ ಇಂತಹ ಇತರ ಸ್ಥಳಗಳಿಗೆ ಆ ವಿನಾಯಿತಿ ಇಲ್ಲವೆಂದು ತಿದ್ದಿದವು. ಹೀಗಾಗಿ ಮಾರುಕಟ್ಟೆಯ ಸೂರಿನ ಕೆಳಗಿನ ಓಣಿಗಳಲ್ಲಿ ನಿಷೇಧ ಸ್ಪಷ್ಟವಾಗಿದೆ. ಅದರ ಬಾಗಿಲಿನಿಂದ ಒಂದು ಹೆಜ್ಜೆ ಹೊರಗಿನ ಬೀದಿ ಮಾತ್ರ ‘ಇತರ ಸ್ಥಳ’ ಎಂಬ ಮಾತಿನ ಅರ್ಥವನ್ನು ಅವಲಂಬಿಸಿದೆ. ಸಂದೇಹವಿರುವಲ್ಲಿ ದಂಡ ವಿಧಿಸಲು ಅಧಿಕಾರಿ ಹಿಂಜರಿಯುವುದು ಸಹಜ. ಕರ್ನಾಟಕದ 2024ರ ತಿದ್ದುಪಡಿಯು ದಂಡವನ್ನು 200 ರೂಪಾಯಿಯಿಂದ 1000 ರೂಪಾಯಿಗೆ ಏರಿಸಿದ್ದರೂ, ಗಡಿಯೇ ಗೊತ್ತಿಲ್ಲದ ಜಾಗದಲ್ಲಿ ಏರಿದ ದಂಡದಿಂದ ಹೆಚ್ಚಿನ ಪ್ರಯೋಜನವಿಲ್ಲ. ನಗರಪಾಲಿಕೆ ಈ ಬೀದಿಗಳ ಹೆಸರು ಹಿಡಿದು ಧೂಮಪಾನ ನಿಷೇಧದ ಘೋಷಣೆ ಹೊರಡಿಸಬೇಕೆಂಬುದು ಇದೇ ಕಾರಣಕ್ಕೆ.

ಟೋಕಿಯೊ ನಗರದ ಚಿಯೋದಾ ವಿಭಾಗ 2002ರಲ್ಲಿ ಮಾಡಿದ್ದು ಇದನ್ನೇ. ಅಲ್ಲಿನ ಆಡಳಿತ ಇಡೀ ಊರನ್ನು ಒಮ್ಮೆಗೇ ಹಿಡಿಯಲಿಲ್ಲ. ಗೊತ್ತುಪಡಿಸಿದ ಬೀದಿಗಳಲ್ಲಿ ಮಾತ್ರ ಧೂಮಪಾನ ನಿಲ್ಲಿಸಿ, ತಪ್ಪಿದವರಿಂದ 2000 ಯೆನ್ ವಸೂಲಿಗೆ ಸಿಬ್ಬಂದಿಯನ್ನು ಬೀದಿಗಿಳಿಸಿತು. ಮೈಸೂರಿಗೂ ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ, ಮಾರುಕಟ್ಟೆಗೆ ತಾಗಿದ ಬೀದಿಗಳಿಂದ ಆರಂಭಿಸುವುದು ಸಾಕು. ಗಡಿ ಸಣ್ಣದಾದಷ್ಟೂ ಕಾಯುವುದು ಸುಲಭ.

ಕೆಲಸ ಮೊದಲಾಗಬೇಕಾದದ್ದು ಫಲಕದಿಂದಲ್ಲ, ಬೀಡಿ ಅಂಗಡಿಯ ಕಂಬದಿಂದ. ಸಣ್ಣ ಅಂಗಡಿಗಳಲ್ಲಿ ಕೊಂಡವರು ಅಲ್ಲಿಯೇ ಹಚ್ಚಿಕೊಳ್ಳಲೆಂದು ಕೆಂಡ ಹಿಡಿದ ನಾರಿನ ಹಗ್ಗವನ್ನೋ ದಾರ ಕಟ್ಟಿದ ಲೈಟರನ್ನೋ ತೂಗುಹಾಕುವುದುಂಟು. ನಿಷೇಧವಿರುವ ಜಾಗದಲ್ಲಿ ಹಚ್ಚಲು ನೆರವಾಗುವ ಇಂತಹ ವಸ್ತುಗಳನ್ನು ಒದಗಿಸಬಾರದೆಂದು 2008ರ ನಿಯಮಗಳೇ ಹೇಳುತ್ತವೆ. ಆ ಹಗ್ಗ ಇಳಿದರೆ, ಅಂಗಡಿಯ ಮುಂದೆ ನಿಂತು ಸೇದುವ ಗುಂಪು ತಾನಾಗಿ ಕರಗಲು ಹೆಚ್ಚು ದಿನ ಬೇಕಿಲ್ಲ. ಮಾರಾಟಕ್ಕೆ ಈ ಘೋಷಣೆ ಅಡ್ಡಿ ಬರುವುದಿಲ್ಲವಾದ್ದರಿಂದ ಅಂಗಡಿಯವರ ಆತಂಕಕ್ಕೆ ದೊಡ್ಡ ಆಧಾರವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ತಂಬಾಕಿನ ಬೆಳೆಗಾರರಿಗೆ ಪೆಟ್ಟು ಬೀಳುತ್ತದೆಂಬ ಮಾತೂ ನಿಲ್ಲುವುದಿಲ್ಲ. ಅವರ ಬೆಲೆ ಹರಾಜು ಕಟ್ಟೆಯಲ್ಲಿ ನಿರ್ಧಾರವಾಗುತ್ತದೆಯೇ ಹೊರತು ಒಂದು ಬೀದಿಯಲ್ಲಿ ಯಾರು ಸೇದಿದರೆಂಬುದರಿಂದಲ್ಲ.

ವಾಹನಗಳ ಹೊಗೆ ಇದಕ್ಕಿಂತ ಹೆಚ್ಚೆಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಬೇರೆ ಪರಿಹಾರ ಬೇಕೆಂಬುದೂ ನಿಜ. ಆದರೆ ಒಂದು ಕೇಡು ಉಳಿದಿದೆಯೆಂಬ ಕಾರಣಕ್ಕೆ, ಅರ್ಧ ಮೀಟರು ದೂರದಲ್ಲಿ ನಿಂತವರು ತಡೆಯಬಹುದಾದ ಇನ್ನೊಂದನ್ನು ಹೂವಾಡಗಿತ್ತಿ ಸಹಿಸಬೇಕಾಗಿಲ್ಲ. ಘೋಷಣೆ ಫಲಿಸಿತೇ ಎಂಬುದನ್ನು ದಂಡದ ರಸೀದಿಗಳಿಗಿಂತ, ಪೌರಕಾರ್ಮಿಕರು ಬೆಳಗ್ಗೆ ಗುಡಿಸುವ ಬೀಡಿ, ಸಿಗರೇಟಿನ ತುಂಡುಗಳೇ ಸರಿಯಾಗಿ ಹೇಳುತ್ತವೆ. ಮುಂದಿನ ದಸರೆಯ ಜನಜಂಗುಳಿ ಈ ಬೀದಿಗಳನ್ನು ತುಂಬುವ ಮೊದಲೇ ಮೈಸೂರು ಮಹಾನಗರಪಾಲಿಕೆ ಈ ಘೋಷಣೆಯನ್ನು ಹೊರಡಿಸಬೇಕು.