ಪಂಪ್‌ಸೆಟ್ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿತ (ಹುಬ್ಬಳ್ಳಿ-ಧಾರವಾಡ ಸೀಮೆ)

ಸ್ಟಾರ್ಟರ್ ಡಬ್ಬಿಯಿಂದ ದೂರದ ಬಾವಿ ಅಥವಾ ಬೋರ್‌ವೆಲ್‌ವರೆಗೆ ಎಳೆದ ಕೇಬಲ್ಲು ತನ್ನ ರೋಧದಿಂದಾಗಿ ಸ್ವಲ್ಪ ವೋಲ್ಟೇಜನ್ನು ತಾನೇ ನುಂಗಿಕೊಂಡು, ಉಳಿದದ್ದನ್ನಷ್ಟೇ ಮೋಟಾರಿಗೆ ಮುಟ್ಟಿಸುತ್ತದೆ. ಹೀಗೆ ನಡುದಾರಿಯಲ್ಲಿ ಕಳೆದುಹೋಗುವ ಪಾಲೇ ವೋಲ್ಟೇಜ್ ಕುಸಿತ. ಕೇಬಲ್ ಉದ್ದವಾದಷ್ಟೂ ಪ್ರವಾಹ ಹೆಚ್ಚಾದಷ್ಟೂ ಕುಸಿತ ಹೆಚ್ಚುತ್ತದೆ, ತಂತಿ ದಪ್ಪವಾದಷ್ಟೂ ಕಡಿಮೆಯಾಗುತ್ತದೆ. ಎಷ್ಟು ದಪ್ಪದ ತಂತಿ ಹಾಕಬೇಕೆಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರ ಸಿಕ್ಕಿದೆ. ಕುಸಿತದ ಖರ್ಚನ್ನು ಹೊರುವವರು ಯಾರು ಎಂಬುದು ಬದಲಾದಂತೆ ಉತ್ತರವೂ ಬದಲಾಗಿದೆ.

## ಲೆಕ್ಕದ ಮೂಲ

ರೋಧ, ಪ್ರವಾಹ ಮತ್ತು ವೋಲ್ಟೇಜುಗಳ ಸಂಬಂಧವನ್ನು ಜರ್ಮನಿಯ ಗೇಯೊರ್ಗ್ ಓಮ್ 1827ರಲ್ಲಿ ಪ್ರಕಟಿಸಿದ. ತಂತಿಯ ದಪ್ಪವನ್ನು ಹಣದ ಪ್ರಶ್ನೆಯಾಗಿ ನೋಡಿದವನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು. ಲೋಹಕ್ಕೆ ಹಾಕಿದ ಬಂಡವಾಳದ ವಾರ್ಷಿಕ ಹೊರೆ, ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತಿನ ವಾರ್ಷಿಕ ಬೆಲೆ ಇವೆರಡೂ ಸಮವಾಗುವ ದಪ್ಪವೇ ಅಗ್ಗದ್ದು ಎಂದು ಅವನು 1881ರಲ್ಲಿ ತೋರಿಸಿದ. ಪೋಲಾದ ವಿದ್ಯುತ್ತಿಗೂ ತಂತಿಗೂ ಹಣ ಕೊಡುವವನು ಒಬ್ಬನೇ ಎಂಬುದು ಈ ನಿಯಮದ ಹಿಂದಿರುವ ಷರತ್ತು.

ತಂತಿಯನ್ನು ದಪ್ಪ ಮಾಡುವ ಬದಲು ವೋಲ್ಟೇಜನ್ನೇ ಏರಿಸುವುದು ಇನ್ನೊಂದು ದಾರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿದ್ದು ಈ ದಾರಿಯಿಂದಲೇ.

## ಧಾರವಾಡ ಸೀಮೆಯಲ್ಲಿ

ಈ ಭಾಗದ ಹೊಲಗಳಲ್ಲಿ ಕಪಿಲೆ, ಡೀಸೆಲ್ ಎಂಜಿನ್ನುಗಳು ಎತ್ತುತ್ತಿದ್ದ ನೀರನ್ನು ಕ್ರಮೇಣ ವಿದ್ಯುತ್ ಮೋಟಾರುಗಳು ಎತ್ತತೊಡಗಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಧಾರವಾಡ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು, 1960ರ ದಶಕದಲ್ಲಿ ಶರಾವತಿ ಯೋಜನೆಯ ವಿದ್ಯುತ್ತು ಕೈಗೆ ಸಿಕ್ಕಿತು. 2002ರಿಂದ ಈ ಸೀಮೆಯ ಸರಬರಾಜು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂನದು.

ಇಲ್ಲಿ ದೂರದ ಸಮಸ್ಯೆಗೆ ನೆಲವೇ ಕಾರಣ. ಧಾರವಾಡ ಶಿಲಾಶ್ರೇಣಿಯ ಗಟ್ಟಿ ಕಲ್ಲಿನಲ್ಲಿ ನೀರು ಬಿರುಕುಗಳಲ್ಲಷ್ಟೇ ಇರುತ್ತದೆ. ಹಾಗಾಗಿ ಬೋರ್ ಪಾಯಿಂಟ್ ಸಿಕ್ಕಲ್ಲಿ ಸಿಕ್ಕಿತು. ಅದು ಟಿಸಿಯ ಹತ್ತಿರವೇ ಸಿಗಬೇಕೆಂದಿಲ್ಲ. ಕುಂದಗೋಳ, ನವಲಗುಂದದ ಕಡೆಯ ಎರಿ ಹೊಲಗಳಲ್ಲಿ ಇನ್ನೊಂದು ತೊಡಕಿದೆ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ, ಹೂತ ಕೇಬಲ್ಲಿನ ಜಾಯಿಂಟುಗಳನ್ನು ಎಳೆದಾಡುತ್ತದೆ. ಸಡಿಲಾದ ಜಾಯಿಂಟು ತಾನೇ ಒಂದು ರೋಧವಾಗಿ ಬಿಸಿಯಾಗುತ್ತದೆ. ಆಗ ತಂತಿಯ ಲೆಕ್ಕ ಎಷ್ಟೇ ಸರಿಯಿದ್ದರೂ ಫಲವಿಲ್ಲ.

## ಒಂದು ಬೋರಿನ ಲೆಕ್ಕ

5 ಎಚ್‌ಪಿಯ ಮೂರು ಫೇಸಿನ ಸಬ್‌ಮರ್ಸಿಬಲ್ ಪಂಪೊಂದು ಓಡುವಾಗ ಸುಮಾರು 9 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಡಬ್ಬಿಯಿಂದ ಬೋರಿಗೆ 220 ಮೀಟರ್, ಬೋರಿನೊಳಗೆ 80 ಮೀಟರ್, ಒಟ್ಟು 300 ಮೀಟರ್. ಬೋರಿನ ಆಳವನ್ನು ಲೆಕ್ಕಕ್ಕೆ ಸೇರಿಸಲು ಮರೆಯುವುದು ಸಾಮಾನ್ಯವಾದ ತಪ್ಪು. ಮೂರು ಫೇಸಿಗೆ ಸೂತ್ರ ಇದು:

```
ΔV = √3 × I × R × cosφ
```

ಇಲ್ಲಿ R ಎಂದರೆ ಒಂದು ಎಳೆಯ ರೋಧ. ಬಿಸಿಯಾದ ತಾಮ್ರದ ತಂತಿಗೆ ಕಿಲೋಮೀಟರಿಗೆ 22 ಓಮನ್ನು ಚದರ ಮಿಲಿಮೀಟರ್ ಅಳತೆಯಿಂದ ಭಾಗಿಸಿದರೆ ಕೆಲಸಕ್ಕೆ ಸಾಕಾಗುವ ಉತ್ತರ ಬರುತ್ತದೆ. cosφ ಅನ್ನು 0.85 ಎಂದು ಹಿಡಿದರೆ 415 ವೋಲ್ಟಿನಲ್ಲಿ ಕುಸಿತ ಹೀಗಿರುತ್ತದೆ:

| ತಾಮ್ರದ ತಂತಿ (ಚ.ಮಿ.ಮೀ.) | ಕುಸಿತ (ವೋಲ್ಟ್) | ಶೇಕಡಾ |
|---|---|---|
| 2.5 | 35 | 8.4 |
| 4 | 22 | 5.3 |
| 6 | 15 | 3.5 |
| 10 | 9 | 2.1 |

9 ಆಂಪಿಯರನ್ನು 2.5ರ ತಂತಿ ಮಿತಿಮೀರಿ ಬಿಸಿಯಾಗದೆ ಹೊರಬಲ್ಲದು. ಅದಕ್ಕೇ ಅಂಗಡಿಯಲ್ಲಿ ಆಂಪಿಯರ್ ಮಾತ್ರ ಹೇಳಿದರೆ ಅದೇ ಕೈಗೆ ಬರುತ್ತದೆ. ದೂರದ ಪಂಪಿಗೆ ಬಿಸಿಯ ಮಿತಿಗಿಂತ ಬಹಳ ಮೊದಲೇ ಕುಸಿತದ ಮಿತಿ ಎದುರಾಗುತ್ತದೆ.

ಕೃಷಿ ಪಂಪಿನ ಮೋಟಾರುಗಳಿಗೆ ಭಾರತೀಯ ಮಾನಕ ಕೆಳಗೆ ಶೇ. 15ರಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಡುತ್ತದೆ, ಅಂದರೆ ಸುಮಾರು 353 ವೋಲ್ಟಿನವರೆಗೆ. ಎಲ್ಲ ಪಂಪುಗಳೂ ಒಟ್ಟಿಗೆ ಓಡುವ ಹೊತ್ತಿನಲ್ಲಿ ಡಬ್ಬಿಯಲ್ಲಿ 370 ವೋಲ್ಟ್ ಮಾತ್ರ ಇದೆಯೆನ್ನಿ. ವೋಲ್ಟೇಜ್ ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಎಳೆಯುತ್ತದೆ, ಸುಮಾರು 10 ಆಂಪಿಯರ್. ಆಗ 2.5ರ ತಂತಿಯ ತುದಿಯಲ್ಲಿ ಉಳಿಯುವುದು 331 ವೋಲ್ಟ್; 6ರಲ್ಲಿ 354, ಅಂದರೆ ಅಂಚಿನಲ್ಲಿ; 10ರಲ್ಲಿ 360. ಡಬ್ಬಿಯಲ್ಲೇ 350 ಇದ್ದರೆ ಯಾವ ಕೇಬಲ್ಲೂ ಆ ಮೋಟಾರನ್ನು ಕಾಯಲಾರದು.

ಚಾಲೂ ಆಗುವ ಕ್ಷಣ ಇನ್ನೂ ಬಿಗಿ. ನೇರ ಸ್ಟಾರ್ಟರಿನಲ್ಲಿ ಪ್ರವಾಹ ಐದಾರು ಪಟ್ಟು ಏರಲು ನೋಡುತ್ತದೆ. ಡಬ್ಬಿಯಲ್ಲಿ ಪೂರ್ತಿ 415 ಇದ್ದರೂ 2.5ರ ತಂತಿಯಲ್ಲಿ ಮೋಟಾರಿಗೆ ಆಗ ಸಿಗುವುದು ಸುಮಾರು 300 ವೋಲ್ಟ್. ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಅರ್ಧಕ್ಕೆ ಇಳಿಯುತ್ತದೆ. 6ರ ತಂತಿಯಲ್ಲಾದರೆ ಮುಕ್ಕಾಲು ಪಾಲಿನಷ್ಟು ಬಲ ಉಳಿಯುತ್ತದೆ.

ಇಡೀ 300 ಮೀಟರಿಗೂ ದಪ್ಪ ತಾಮ್ರವೇ ಬೇಕಿಲ್ಲ. ನೆಲದ ಮೇಲಿನ 220 ಮೀಟರಿಗೆ 16 ಚ.ಮಿ.ಮೀ. ಅಲ್ಯೂಮಿನಿಯಂ, ಬೋರಿನೊಳಗೆ 4ರ ತಾಮ್ರದ ಚಪ್ಪಟೆ ಕೇಬಲ್ ಹಾಕಿದರೆ ಕುಸಿತ 6 ಮತ್ತು 6, ಒಟ್ಟು 12 ವೋಲ್ಟಷ್ಟೇ. ಎರಡು ಲೋಹ ಸೇರುವಲ್ಲಿ ಮಾತ್ರ ಅದಕ್ಕೆಂದೇ ಇರುವ ಲಗ್ಗುಗಳು ಬೇಕು. ಬರಿಗೈಯಲ್ಲಿ ಹೊಸೆದ ಜಾಯಿಂಟು ಕೆಲವೇ ಹಂಗಾಮುಗಳಲ್ಲಿ ಸುಡುತ್ತದೆ.

## ದೋಷ ಗುರುತಿಸುವುದು

ಪಂಪು ನಿಂತಿರುವಾಗ ಕೇಬಲ್ಲಿನಲ್ಲಿ ಪ್ರವಾಹವಿಲ್ಲ, ಆದ್ದರಿಂದ ಕುಸಿತವೂ ಇಲ್ಲ. ಬೋರಿನ ಬಾಯಲ್ಲಿ ಮೀಟರು ಆಗ ಪೂರ್ತಿ ವೋಲ್ಟೇಜ್ ತೋರಿಸಿ ಮೋಸಮಾಡುತ್ತದೆ. ಪಂಪು ಓಡುತ್ತಿರುವಾಗಲೇ ಡಬ್ಬಿಯಲ್ಲೊಮ್ಮೆ, ಬೋರಿನ ಬಾಯಲ್ಲೊಮ್ಮೆ ಅಳೆಯಬೇಕು. ಎರಡರ ನಡುವಿನ ಅಂತರ ರೈತನ ಕೇಬಲ್ಲಿನದು. ಪಂಪು ಚಾಲೂ ಮಾಡಿದೊಡನೆ ಡಬ್ಬಿಯಲ್ಲೇ ವೋಲ್ಟೇಜ್ ಕುಸಿದರೆ ದೋಷ ಟಿಸಿ ಅಥವಾ ಎಲ್‌ಟಿ ಲೈನಿನದು. ಅಂತರ ಲೆಕ್ಕಕ್ಕಿಂತ ಹೆಚ್ಚಿದ್ದು ಒಂದೇ ಫೇಸಿನಲ್ಲಿ ಕಂಡರೆ ಆ ಎಳೆಯ ಜಾಯಿಂಟನ್ನು ಹುಡುಕಬೇಕು. ಇದನ್ನು ನೋಡದೆ ಮೋಟಾರನ್ನು ಮತ್ತೆ ವೈಂಡಿಂಗ್ ಮಾಡಿಸಿ ಇಳಿಸಿದರೆ ಅದೂ ಸುಡುತ್ತದೆ.

## ಉಚಿತ ವಿದ್ಯುತ್ತಿನ ನಂತರ

2008ರಿಂದ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಮೇಲಿನ ಬೋರಿನಲ್ಲಿ 2.5ರ ತಂತಿ ಸುಮಾರು 640 ವ್ಯಾಟನ್ನು ಬಿಸಿಯಾಗಿ ಕಳೆಯುತ್ತದೆ, 6ರ ತಂತಿ 270ನ್ನು. ದಿನಕ್ಕೆ 7 ಗಂಟೆಯಂತೆ 200 ದಿನ ಓಡಿದರೆ ವರ್ಷಕ್ಕೆ 500 ಯೂನಿಟ್ಟಿಗೂ ಹೆಚ್ಚು ವ್ಯತ್ಯಾಸ. ದಪ್ಪ ತಂತಿಯ ಬೆಲೆ ರೈತನದು, ಉಳಿದ ಯೂನಿಟ್ಟಿನ ಲಾಭ ಅವನದಲ್ಲ. ಹೀಗೆ ಕೆಲ್ವಿನ್ನನ ಷರತ್ತು ಇಲ್ಲಿ ಮುರಿದುಬಿದ್ದಿದೆ. ತಂತಿಯ ದಪ್ಪವನ್ನು ಈಗ ನಿರ್ಧರಿಸುವುದು ಪೋಲಾಗುವ ವಿದ್ಯುತ್ತಲ್ಲ, ಮೋಟಾರು ಸುಟ್ಟಾಗ ಆಗುವ ರಿಪೇರಿ ಖರ್ಚು ಮತ್ತು ಅಷ್ಟು ದಿನ ನೀರಿಲ್ಲದೆ ಒಣಗುವ ಬೆಳೆ.

ಪೋಲಿನ ಹೊರೆ ಸರಬರಾಜುದಾರರ ಮೇಲೆ ಬಿದ್ದದ್ದರಿಂದ ಪರಿಹಾರವೂ ಅವರ ಕಡೆ ಸರಿದಿದೆ. ಉದ್ದದ ಎಲ್‌ಟಿ ಲೈನಿನ ಬದಲು 11 ಕಿಲೋವೋಲ್ಟ್ ಲೈನನ್ನೇ ಹೊಲದವರೆಗೆ ಒಯ್ದು, ಕೆಲವೇ ಪಂಪುಗಳಿಗೆ ಒಂದು ಸಣ್ಣ ಟಿಸಿ ಕೂಡಿಸುವ ಪದ್ಧತಿಗೆ ಎಚ್‌ವಿಡಿಎಸ್ ಎಂದು ಹೆಸರು. ಅದೇ ಶಕ್ತಿಗೆ 11 ಕಿಲೋವೋಲ್ಟಿನಲ್ಲಿ ಪ್ರವಾಹ 415 ವೋಲ್ಟಿನದರ ಇಪ್ಪತ್ತಾರನೇ ಒಂದು ಪಾಲಾಗುತ್ತದೆ; ಅದೇ ತಂತಿಯಲ್ಲಿ ಪೋಲು ಸುಮಾರು ಏಳುನೂರನೇ ಒಂದು ಪಾಲಿಗೆ ಇಳಿಯುತ್ತದೆ. ಶಿವನಸಮುದ್ರದ ಉಪಾಯವೇ ಇಲ್ಲಿ ಹೊಲದ ಬದುವಿನವರೆಗೆ ಬಂದಿದೆ. ಆದರೆ ಟಿಸಿಯಿಂದ ಬೋರಿನ ತಳದವರೆಗಿನ ಕೊನೆಯ ಎಳೆ ರೈತನದಾಗಿಯೇ ಉಳಿಯುತ್ತದೆ, ಅದರ ಲೆಕ್ಕವೂ.